ಅವರ ಮಾತು ಯಾವುದು, ನಮ್ಮ ಮಾತು ಯಾವುದು?

ಊರ ಹಿರಿಯರ ಮಾತನ್ನು ಬರೆದು ಕಳಿಸುವ ಓದುಗರಿಗೆ ಈ ಸಲ ಒಂದು ವಿಷಯ. ಅರಕಲಗೂಡು ಕಡೆಯ ಆಲೂಗಡ್ಡೆ ಬೆಳೆಗಾರರೊಬ್ಬರು ಹತ್ತು ನಿಮಿಷ ಮಾತಾಡಿದ್ರು ಅಂತಿಟ್ಟುಕೊಳ್ಳಿ. ಬಿತ್ತನೆ ಗಡ್ಡೆಯ ರೇಟು, ಅಂಗಮಾರಿ ರೋಗ, ಎಷ್ಟು ಸಲ ಔಷಧಿ ಹೊಡೆದರು, ಎಲ್ಲಾ ಬಂತು. ಇವನ್ನು ನಾನಾದರೆ ನನ್ನ ಮಾತಲ್ಲೇ ಎರಡು ಸಾಲಿಗೆ ಇಳಿಸ್ತೀನಿ. ಅಲ್ಲಿ ಬೇಕಿರೋದು ಮಾಹಿತಿ.

ಆದರೆ ನಡುವೆ ಅವರು, "ಮೋಡ ಕವುಚ್ಕಂಡು ಕೂತ್ಬುಡ್ತು, ಏಳ್ಲೇ ಇಲ್ಲ" ಅಂದಿದ್ದರೆ ಅದನ್ನು ಮುಟ್ಟೋದಿಲ್ಲ. "ಮೋಡ ಕವಿದಿತ್ತು" ಎಂದು ತಿದ್ದಿ ಉದ್ಧರಣ ಚಿಹ್ನೆ ಹಾಕಿದರೆ, ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದ ಹಾಗೆ. ತಿದ್ದಲೇಬೇಕಾ? ಚಿಹ್ನೆ ತೆಗೆದುಬಿಡಿ.

ನಮ್ಮ ಭಾಷೆಯಲ್ಲಿ ನಿಜವಾದ ತೊಡಕು 'ಅಂತ', 'ಎಂದು' ಇವುಗಳದ್ದು. ಯಥಾವತ್ ಮಾತಿಗೂ ಅವೇ, ಸಾರಾಂಶಕ್ಕೂ ಅವೇ. ಬೆಳೆಗಾರರು ಕೊನೆಗೆ, "ನಾನು ಇನ್ನು ಆಲೂಗಡ್ಡೆ ಹಾಕಲ್ಲ ಅಂತ ಮಗ ಅಂದ" ಅಂತಾರೆ. ಕೇಳುವಾಗ ದನಿಯಲ್ಲೇ ಗೊತ್ತಾಗುತ್ತೆ. ಕಾಗದದ ಮೇಲೆ ಆ 'ನಾನು' ಅಪ್ಪನೋ ಮಗನೋ? ಸಾರಾಂಶದಲ್ಲಿ 'ತಾನು' ಬಳಸಿ: ತಾನು ಇನ್ನು ಆಲೂಗಡ್ಡೆ ಹಾಕುವುದಿಲ್ಲ ಎಂದು ಮಗ ಹೇಳಿದನಂತೆ. ಕೊನೆಯ ಆ 'ಅಂತೆ'ಯನ್ನು ಬಿಡಬೇಡಿ. ಮಗನ ಮಾತನ್ನು ನಾವು ಕೇಳಿಲ್ಲ, ಅಪ್ಪನ ಬಾಯಲ್ಲಿ ಕೇಳಿದ್ದು ಅಂತ ಅದೊಂದೇ ಓದುಗರಿಗೆ ತಿಳಿಸುತ್ತೆ. ಅದಕ್ಕೇ ಮಗನ ಮಾತಿಗೆ ಪ್ರತ್ಯೇಕ ಚಿಹ್ನೆಯೂ ಬೇಡ.

ಇನ್ನು ಮೊದಲೊಂದು, ಕೊನೆಗೊಂದು ಆಡಿದ ಮಾತನ್ನು ಒಂದೇ ಚಿಹ್ನೆಯೊಳಗೆ ಹೊಲಿಯಬೇಡಿ. ಮೊದಲನೆಯದನ್ನು ಮುಚ್ಚಿ, 'ಆಮೇಲೆ ಹೇಳಿದರು' ಎಂದು ಬರೆದು, ಎರಡನೆಯದನ್ನು ಬೇರೆಯಾಗಿ ತೆರೆಯಿರಿ.