ಕಾಣದ ಪೋಲು, ಕೇಳದ ಜನ

ಯೂಟ್ಯೂಬಿನಲ್ಲಿ ಪೋಲ್ ಹಾಕಿ ಹತ್ತು ನಿಮಿಷಕ್ಕೇ "ನಮ್ಮ ಚಾನೆಲ್ ತುಳೀತಿದಾರೆ" ಅಂತ ಗೋಳಾಡುವವರ ಜೊತೆ ನನ್ನದೊಂದು ಜಗಳವಿದೆ. ಮೊದಲು ನೋಡಿದಿರಾ?

ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನಿಮ್ಮ ಚಾನೆಲ್ ತೆರೆದು Posts ಟ್ಯಾಬ್ ಒತ್ತಿ. ಅಲ್ಲಿ ಇಲ್ಲವೆಂದರೆ ಕಾರಣ ನಿಮ್ಮ ಸೆಟ್ಟಿಂಗಿನಲ್ಲೇ ಇರಬಹುದು: ನಾಳೆಗೆ ಶೆಡ್ಯೂಲ್ ಆಗಿದೆ, ಮೆಂಬರ್‌ಗಳಿಗೆ ಮಾತ್ರ ಅಂತಿದೆ, ಅಥವಾ ಇಟ್ಟ ಅವಧಿ ಮುಗಿದಿದೆ. ಮಕ್ಕಳಿಗಾಗಿ ಎಂದು ಗುರುತಿಸಿದ ಚಾನೆಲ್‌ಗಂತೂ ಈ ಸೌಲಭ್ಯವೇ ಇಲ್ಲ.

ಅಲ್ಲಿ ಇದೆಯೋ? ಹಾಗಾದರೆ ಪೋಸ್ಟಿಗೆ ಏನೂ ಆಗಿಲ್ಲ. ಅದರ ಮನೆ ಆ ಟ್ಯಾಬ್, ಚಾನೆಲ್ಲಿನ ಮುಖಪುಟವಲ್ಲ. ಸಬ್‌ಸ್ಕ್ರೈಬರ್‌ಗಳ ಹೋಮ್ ಫೀಡಿಗೆ ಅದು ಹೋಗುವುದು ಅವರವರು ಏನು ನೋಡುತ್ತಾರೆ ಅನ್ನುವುದರ ಮೇಲೆ. ಆರು ತಿಂಗಳಿಂದ ನಿಮ್ಮ ಕಡೆ ತಲೆಹಾಕದವರಿಗೆ ಅದು ಕಾಣದಿದ್ದರೆ ಅಚ್ಚರಿಯೇನು?

ಪುಸ್ತಕದ ಚಾನೆಲ್ ಒಂದಿದೆ ಅನ್ನಿ, 4,000 ಸಬ್‌ಸ್ಕ್ರೈಬರ್‌ಗಳು. ಶುಕ್ರವಾರದ ಲೈವ್‌ಗೆ ಕಾದಂಬರಿಯೋ, ಕಥೆಯೋ? ಬಂದ ವೋಟು 60. ಗಾಬರಿಯಾಗಿ ಡಿಲೀಟ್ ಮಾಡಿ ಮತ್ತೆ ಹಾಕಿದರೆ ಆ 60 ವೋಟೂ ಹೋಯ್ತು. ಅದಕ್ಕಿಂತ ಪೋಸ್ಟಿನ ಲಿಂಕನ್ನು ಮುಂದಿನ ವಿಡಿಯೋದ ಪಿನ್ ಮಾಡಿದ ಕಾಮೆಂಟಿನಲ್ಲಿ ಹಾಕಿ.

ಇನ್ನು, ಆ 60 ಜನ ಬಹುಪಾಲು ನಿಮ್ಮ ಖಾಯಂ ಗಿರಾಕಿಗಳೇ. "ಸಬ್‌ಸ್ಕ್ರೈಬರ್‌ಗಳು ಕಥೆ ಬೇಕಂದ್ರು" ಅಂತ ಘೋಷಿಸಬೇಡಿ. ಉಳಿದವರನ್ನು ಯಾರೂ ಕೇಳಿಯೇ ಇಲ್ಲದಿರಬಹುದು. ಸಬ್‌ಸ್ಕ್ರೈಬ್ ಅಂದರೆ ಮನೆಬಾಗಿಲಿಗೆ ಬರುವ ಪೇಪರ್ ಅನ್ನೋ ಭ್ರಮೆ ಹುಟ್ಟಿಸುವ ಆ ಗುಂಡಿಯ ಮೇಲೆ ಸಿಟ್ಟಾಗಿ, ಸರಿ. ಪೋಲಿನ ಮೇಲಲ್ಲ.