ತಲೆ ಲೆಕ್ಕ, ತಟ್ಟೆ ಲೆಕ್ಕ

ನಮ್ಮ ಊರಿನ ಕಡೆಯ ಅಡುಗೆಯವರೊಬ್ಬರು ಕಳೆದ ವರ್ಷ ಒಂದು ಸಂಜೆ ನಮ್ಮ ರೂಮಿಗೆ ಬಂದರು. ದುಬೈಯ ಒಂದು ಕಂಪನಿಯ ಕಾರ್ಮಿಕರ ಕ್ಯಾಂಪಿನಲ್ಲಿ ಕ್ಯಾಂಟೀನ್ ಗುತ್ತಿಗೆಗೆ ದರ ಕರೆದಿದ್ದರು. ಅವರಲ್ಲಿ ಕೈರುಚಿ ಇತ್ತು, ಲೈಸೆನ್ಸ್ ಇತ್ತು. ಲೆಕ್ಕಕ್ಕೆ ಜನ ಬೇಕಿತ್ತು. ಆಸ್ಪತ್ರೆಯ ಫಾರ್ಮಸಿಯಿಂದ ಒಬ್ಬರು, ಗೋದಾಮಿನಿಂದ ಇಬ್ಬರು, ಹೀಗೆ ನಾವು ಮೂವರು ಕಾಗದ ಹಿಡಿದು ಕುಳಿತೆವು.

ಕ್ಯಾಂಪಿನಲ್ಲಿ 300 ಜನ. ಊಟ ಬೇಡವೆಂದವರಿಗೆ ಕಂಪನಿ ಭತ್ಯೆ ಕೊಡುತ್ತದೆ, ಆದ್ದರಿಂದ ಪ್ರತಿ ತಿಂಗಳೂ ಹೆಸರು ಬರೆಸಿದವರಷ್ಟೇ ಲೆಕ್ಕ. ಮೂರು ಹೊತ್ತಿನ ದಿನಸಿ ಮತ್ತು ಗ್ಯಾಸಿಗೆ ತಲೆಗೆ ದಿನಕ್ಕೆ 6.60 ದಿರ್ಹಂ ಬಿತ್ತು. ಸಂಬಳ, ಬಾಡಿಗೆ, ಗಾಡಿ ಸೇರಿ ತಿಂಗಳಿಗೆ 37,800. ಎಷ್ಟು ಜನ ಉಂಡರೂ ಈ ಎರಡನೆಯ ಖರ್ಚು ಇಳಿಯುವುದಿಲ್ಲ. ದರ 12 ದಿರ್ಹಂ ಎಂದರೆ ದಿನಸಿ ಕಳೆದು ತಲೆಗೆ 5.40, ತಿಂಗಳಿಗೆ 162 ಉಳಿಯುತ್ತದೆ. 37,800 ಹುಟ್ಟಲು 234 ತಲೆ ಬೇಕು. ಅದಕ್ಕಿಂತ ಮೇಲಿನದಷ್ಟೇ ಲಾಭ.

ಬೇರೆಯವರು 11ಕ್ಕೆ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ನಮ್ಮವರು, "ನಾವೂ 11 ಬರೆಯೋಣ ಮಾರಾಯ್ರೆ" ಎಂದರು. ಲೆಕ್ಕ ಮಾಡಿದರೆ 11ರಲ್ಲಿ ಅಸಲು ಹುಟ್ಟಲು 287 ತಲೆ ಬೇಕು. 300ರಲ್ಲಿ ಹದಿಮೂರು ಜನ ರಜೆಗೆ ಊರಿಗೆ ಹೋದರೆ ಮುಗಿಯಿತು. ಆಮೇಲೆ ಕೈ ಹೋಗುವುದು ಕೋಳಿಯ ತೂಕಕ್ಕೇ.

ಹಾಗಾಗಿ 12ರಲ್ಲೇ ನಿಂತೆವು. ಬದಲಿಗೆ ದರಪಟ್ಟಿಯಲ್ಲಿ ಪ್ರತಿ ಪದಾರ್ಥದ ಎದುರು ತೂಕ ಬರೆದೆವು: ಕೋಳಿ ಹಸಿಯಾಗಿ ತಲೆಗೆ 120 ಗ್ರಾಂ, ಬೇಳೆ 40 ಗ್ರಾಂ, ಹೀಗೆ. ಇತರರ ಪಟ್ಟಿಯಲ್ಲಿ ಬರೀ "ಚಿಕನ್ ಕರಿ" ಎಂದಿತ್ತಂತೆ. ಕಂಪನಿಯ ಆಫೀಸಿನವರಿಗೆ ಹೋಲಿಸಲು ಸಿಕ್ಕಿದ್ದು ನಮ್ಮದೇ. ಎಷ್ಟೇ ಕಡಿಮೆ ಜನ ಬಂದರೂ 250 ತಲೆಯ ಹಣ ಖಾತ್ರಿ ಎಂಬ ಒಂದು ಸಾಲನ್ನೂ ಒಪ್ಪಂದದಲ್ಲಿ ಹಾಕಿಸಿದೆವು. ಗುತ್ತಿಗೆ ಸಿಕ್ಕಿತು.

ಮೊದಲ ತಿಂಗಳು 291 ಜನ ಹೆಸರು ಬರೆಸಿದರು. ಎರಡನೆಯ ತಿಂಗಳು 262. ನಮ್ಮವರ ಮುಖ ಬಾಡಿತು. ಸಲಹೆಯ ಡಬ್ಬಿ ತೆರೆದರೆ ಎರಡೇ ಚೀಟಿ, ಎರಡರಲ್ಲೂ "ಉಪ್ಪು ಕಡಿಮೆ". ದಿನವಿಡೀ ದುಡಿದು ಬಂದವನು ಪೆನ್ನು ಹುಡುಕುವುದಿಲ್ಲ. ಮುಂದಿನ ತಿಂಗಳು ಹೆಸರು ಬರೆಸುವುದಿಲ್ಲ, ಅಷ್ಟೇ.

ಆಗ ಎಂಜಲನ್ನೇ ಕೇಳಿದೆವು. ಅನ್ನ, ಚಪಾತಿ, ಸಾರು ಮತ್ತು ಪಲ್ಯ ಎಂದು ಮೂರು ಬಕೆಟ್ ಇಟ್ಟು, ಸೈಟಿನಿಂದ ಮರಳಿ ಬಂದದ್ದನ್ನೂ ಸೇರಿಸಿ, ದಿನಾ ತೂಗಿ ಬರೆದೆವು. ರಾತ್ರಿಯ ಚಪಾತಿ ಮೂರು ಕಿಲೋ ದಾಟುತ್ತಿರಲಿಲ್ಲ, ಮಧ್ಯಾಹ್ನದ್ದು ಹನ್ನೊಂದು ಕಿಲೋ. ಕಾರಣ ಸೈಟಿನಲ್ಲಿ ತಿಳಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಸುಟ್ಟು ಬಿಸಿಯಲ್ಲೇ ಡಬ್ಬಿಗೆ ತುಂಬುತ್ತಿದ್ದರು. ಹಬೆ ನೀರಾಗಿ ಮಧ್ಯಾಹ್ನಕ್ಕೆ ಅಡಿಯ ಚಪಾತಿ ಹಿಟ್ಟು, ಮೇಲಿನದು ಚರ್ಮ. ಜತೆಗಿನ ಸಾರು ಎಂಟು ತಾಸು ಉಗುರುಬೆಚ್ಚಗೆ ಕುಳಿತಿರುತ್ತಿತ್ತು. ಅದು ರುಚಿಯ ಮಾತಲ್ಲ, ಹೊಟ್ಟೆ ಕೆಡುವ ಮಾತು. ರೋಗಾಣು ಬೆಳೆಯುವುದು ಆ ಬಿಸಿಯಲ್ಲೇ.

ಚಪಾತಿಯನ್ನು ರಾತ್ರಿಗಷ್ಟೇ ಇಟ್ಟು, ಮಧ್ಯಾಹ್ನ ಅನ್ನ ಸಾರನ್ನು ಹನ್ನೊಂದಕ್ಕೆ ಹಾಟ್‌ಬಾಕ್ಸಿನಲ್ಲಿ ಕಳಿಸಿದೆವು. ಸೈಟಿನಲ್ಲಿ ಮುಚ್ಚಳ ತೆಗೆದಾಗ ಥರ್ಮಾಮೀಟರು 60 ಡಿಗ್ರಿಗೆ ಇಳಿಯಬಾರದು ಎಂಬುದು ಕಟ್ಟಳೆ. ಗಾಡಿಯ ಇನ್ನೊಂದು ಸುತ್ತಿಗೆ ತಿಂಗಳಿಗೆ 900 ದಿರ್ಹಂ ಹೆಚ್ಚು. ಆರು ತಲೆ ತಪ್ಪಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಇನ್ನೊಂದು ಗುಟ್ಟು ಹಾಜರಿ ಪುಸ್ತಕದಲ್ಲಿತ್ತು. ಏಳು ದಿನದ ಮೆನುವಿನಲ್ಲಿ ಮೀನು ಪ್ರತಿ ಮಂಗಳವಾರ. ಮಂಗಳವಾರ ವಾರದ ರಜೆ ಇರುವ ಪಾಳಿಯವರು ಅಂದು ಗೆಳೆಯರ ರೂಮಿಗೆ ಹೋಗುತ್ತಾರೆ, ಅವರಿಗೆ ವರ್ಷವಿಡೀ ಮೀನಿಲ್ಲ. ಹೆಸರು ತೆಗೆಸಿದವರಲ್ಲಿ ಹೆಚ್ಚಿನವರು ಅವರೇ. ಮೆನುವನ್ನು ಹತ್ತು ದಿನದ್ದಾಗಿಸಿದೆವು. ಈಗ ಮೀನಿನ ವಾರ ಪ್ರತಿ ಸುತ್ತಿಗೂ ಮುಂದಕ್ಕೆ ಜಾರುತ್ತದೆ, ಎಲ್ಲ ಪಾಳಿಗೂ ಪಾಲು ಸಿಗುತ್ತದೆ. ಖರ್ಚು ಒಂದು ಫಿಲ್ಸ್ ಕೂಡ ಏರಲಿಲ್ಲ.

ನಾಲ್ಕನೆಯ ತಿಂಗಳಿಗೆ 283 ಆಯಿತು, ಅಲ್ಲಿಂದೀಚೆಗೆ ಹೆಚ್ಚೇನೂ ಕದಲಿಲ್ಲ.

ಈಗ ಗುತ್ತಿಗೆ ಮುಂದುವರಿಸುವ ಮಾತು ನಡೆದಿದೆ. 50 ಫಿಲ್ಸ್ ಇಳಿಸಿ ಎಂದು ಕಂಪನಿ ಕೇಳಿದೆ. ಮತ್ತೆ ಕಾಗದ ಹಿಡಿದೆವು. 11.50ರಲ್ಲಿ, ಗಾಡಿಯ ಹೊಸ ಸುತ್ತೂ ಸೇರಿ, 264 ತಲೆ ಬೇಕು. "ಇಳಿಸುತ್ತೇವೆ, ಖಾತ್ರಿಯ ತಲೆಯನ್ನು 250ರಿಂದ 265ಕ್ಕೆ ಏರಿಸಿ" ಎಂದು ಬರೆದು ಕಳಿಸಿದ್ದೇವೆ. ಅವರು ಒಪ್ಪದಿದ್ದರೆ 12 ಹಾಗೆಯೇ ಇರಲಿ. ಕೋಳಿ 120 ಗ್ರಾಂಗಿಂತ ಇಳಿಯುವುದಿಲ್ಲ.