ಬಿಲ್ ಬಂದ ಮೇಲೆ ಬೊಬ್ಬೆ ಹಾಕಿದರೆ ತಡವಾಯಿತು

ಮನೆ ತೆರಿಗೆ ಜಾಸ್ತಿ ಬಂತು ಎಂದು ನಮ್ಮವರು ಗೊಣಗುವುದು ಯಾವಾಗ? ಬಿಲ್ ಕೈಗೆ ಬಂದಾಗ. ಮಂಗಳೂರಿನಲ್ಲಾದರೆ ಪರವಾಗಿಲ್ಲ. ಅಲ್ಲಿರುವುದು ಸ್ವಯಂ ಘೋಷಣೆ ಪದ್ಧತಿ. ಮಾಲೀಕನೇ ಅಳತೆ ಬರೆಯುತ್ತಾನೆ, ಮಾಲೀಕನೇ ಲೆಕ್ಕ ಹಾಕಿ ಕಟ್ಟುತ್ತಾನೆ. ಆದರೆ ಗಡಿ ದಾಟಿ ಉಮರ್ಗಾ, ನಿಲಂಗಾ, ಉದಗೀರ್ ಕಡೆ ಅಂಗಡಿಯನ್ನೋ ಮನೆಯನ್ನೋ ಮಾಡಿಕೊಂಡವರು ಇದೇ ಅಭ್ಯಾಸ ಇಟ್ಟುಕೊಂಡರೆ ಕೆಟ್ಟರು. ಅಲ್ಲಿ ಲೆಕ್ಕ ಹಾಕುವವರು ನಗರ ಪರಿಷತ್ತಿನವರು. ಬಿಲ್ ಎಂಬುದು ಆ ಲೆಕ್ಕದ ಕೊನೆಯ ಕಾಗದ. ಜಗಳ ಆಡಬೇಕಾದ ಜಾಗ ಅದಕ್ಕಿಂತ ಎಷ್ಟೋ ಮೊದಲೇ ಬಂದು ಹೋಗಿರುತ್ತದೆ.

ಈ ಊರುಗಳು ನಮಗೆ ತೀರಾ ಪರಕೀಯವೇನೂ ಅಲ್ಲ. ಉದಗೀರ್ ಮತ್ತು ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯ ಮರುವಿಂಗಡಣೆಯಲ್ಲಿ ಅವು ಆಚೆ ಹೋದವು, ಈಗ ಲಾತೂರ್ ಜಿಲ್ಲೆಯಲ್ಲಿವೆ. ಉಮರ್ಗಾ ಇರುವುದು ಧಾರಾಶಿವ, ಅಂದರೆ ಹಿಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಪೇಟೆಯಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ಆದರೆ ತೆರಿಗೆಯ ಕಾಗದ ಬರುವುದು ಮರಾಠಿಯಲ್ಲಿ. ಓದಲು ಬಾರದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕುವುದು ನಮ್ಮ ರೂಢಿ. ಅಲ್ಲೇ ದುಡ್ಡು ಹೋಗುವುದು.

ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ಮೊದಲು ನೋಡೋಣ. ಮೂರೂ ಊರುಗಳಿಗೆ ಅನ್ವಯಿಸುವುದು ಮಹಾರಾಷ್ಟ್ರದ 1965ರ ನಗರ ಪರಿಷತ್ ಕಾಯಿದೆ. ಮನೆಯ ಮಾರಾಟದ ಬೆಲೆ ನೋಡದೆ, ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬರಬಹುದು ಎಂದು ನೋಡುವ ಪದ್ಧತಿ ಅದರಲ್ಲಿದೆ. ಆ ವಾರ್ಷಿಕ ಬಾಡಿಗೆಯಲ್ಲಿ ದುರಸ್ತಿಗೆಂದು ಶೇ 10 ಕಳೆಯಬೇಕು ಎಂದು ಕಲಂ 114 ಹೇಳುತ್ತದೆ. ಉಳಿದದ್ದೇ ಕರಯೋಗ್ಯ ಮೌಲ್ಯ. ಅದರ ಮೇಲೆ ನಗರ ಪರಿಷತ್ತು ನಿಗದಿ ಮಾಡಿದ ಶೇಕಡಾ ಹಾಕಿದರೆ ಘರಪಟ್ಟಿ ಸಿಗುತ್ತದೆ.

ಪ್ರತಿ ಮನೆಯ ಬಾಡಿಗೆಯನ್ನು ಯಾರೂ ಕೂತು ಅಂದಾಜು ಮಾಡುವುದಿಲ್ಲ. ಊರನ್ನು ವಲಯಗಳಾಗಿ ವಿಂಗಡಿಸಿ, ಆರ್‌ಸಿಸಿ, ಕಲ್ಲು-ಇಟ್ಟಿಗೆ, ಮಣ್ಣಿನ ಗೋಡೆ, ತಗಡಿನ ಮಾಡು ಎಂದು ಕಟ್ಟಡಗಳನ್ನೂ ವಿಂಗಡಿಸಿ, ವಾಸಕ್ಕೆ ಇಷ್ಟು, ವ್ಯಾಪಾರಕ್ಕೆ ಇಷ್ಟು ಎಂದು ಚದರ ಮೀಟರಿಗೆ ದರ ಇಡುತ್ತಾರೆ. ಅಳತೆ ಮಾಡಲು ಬಂದ ಹುಡುಗ ಟೇಪ್ ಹಿಡಿದು ಬರೆದುಕೊಂಡು ಹೋಗುತ್ತಾನೆ. ಆ ಹುಡುಗ ಬರೆದ ಮೂರು ಸಂಗತಿಗಳ ಮೇಲೆ ನಿಮ್ಮ ನಾಲ್ಕು ವರ್ಷದ ತೆರಿಗೆ ನಿಂತಿದೆ: ಅಳತೆ ಎಷ್ಟು, ಕಟ್ಟಡ ಯಾವ ಜಾತಿಯದು, ಉಪಯೋಗ ಏನು. ನಾಲ್ಕು ವರ್ಷ ಏಕೆಂದರೆ, ಹೊಸ ಪಟ್ಟಿಯನ್ನು ನಾಲ್ಕು ವರ್ಷಕ್ಕೊಮ್ಮೆ ಪೂರ್ತಿಯಾಗಿ ಮಾಡುವುದು ಕಾಯಿದೆಯ ಕ್ರಮ.

ಒಂದು ಲೆಕ್ಕ ಮಾಡಿ ನೋಡೋಣ. ದರಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಕ್ರಮ ಮಾತ್ರ ಕಾಯಿದೆಯದು. ಉದಗೀರ್‌ನಲ್ಲಿ ಒಬ್ಬರ ಮನೆ, ಎದುರಿನ ಕೋಣೆಯಲ್ಲಿ ಬೇಕರಿ. ಬೇಕರಿ 20 ಚದರ ಮೀಟರ್, ವಾಸದ ಭಾಗ 60. ವಾಸಕ್ಕೆ ತಿಂಗಳಿಗೆ ಚದರ ಮೀಟರಿಗೆ 12 ರೂಪಾಯಿ, ವ್ಯಾಪಾರಕ್ಕೆ 25 ರೂಪಾಯಿ ಎಂದಿಟ್ಟುಕೊಳ್ಳಿ. ಬೇಕರಿಗೆ 500, ಮನೆಗೆ 720, ಒಟ್ಟು ತಿಂಗಳಿಗೆ 1,220. ವರ್ಷಕ್ಕೆ 14,640. ಶೇ 10 ಕಳೆದರೆ 13,176. ತೆರಿಗೆ ಶೇ 25 ಆದರೆ 3,294 ರೂಪಾಯಿ.

ಈಗ ಪಟ್ಟಿಯಲ್ಲಿ ಬಂದದ್ದು ನೋಡಿ. ಅಳತೆಯವನು ಬೋರ್ಡ್ ನೋಡಿ ಇಡೀ ಕಟ್ಟಡವನ್ನು ವ್ಯಾಪಾರ ಎಂದು ಬರೆದ. ಹಿಂದಿನ ತೆರೆದ ಅಂಗಳವನ್ನೂ ಸೇರಿಸಿ 104 ಚದರ ಮೀಟರ್ ಮಾಡಿದ. ತಿಂಗಳಿಗೆ 2,600, ವರ್ಷಕ್ಕೆ 31,200, ಶೇ 10 ಕಳೆದು 28,080. ತೆರಿಗೆ 7,020. ಎರಡು ಪಟ್ಟಿಗಿಂತ ಹೆಚ್ಚು. ವರ್ಷಕ್ಕೆ 3,726 ರೂಪಾಯಿಯ ನಷ್ಟ, ನಾಲ್ಕು ವರ್ಷಕ್ಕೆ 14,904. ಇಷ್ಟಕ್ಕೇ ಮುಗಿಯುವುದಿಲ್ಲ. ಬಿಲ್ಲಿನಲ್ಲಿ ರಾಜ್ಯ ಸರಕಾರದ ಶಿಕ್ಷಣ ಕರವೂ ಇರುತ್ತದೆ, ವ್ಯಾಪಾರದ ಕಟ್ಟಡವಾದರೆ ಉದ್ಯೋಗ ಖಾತರಿ ಕರವೂ ಸೇರುತ್ತದೆ. ಬರೀ ವಾಸದ ಮನೆಯ ಬಿಲ್ಲಿನಲ್ಲಿ ಉದ್ಯೋಗ ಖಾತರಿ ಕರದ ಸಾಲು ಕಂಡರೆ, ನಿಮ್ಮ ಮನೆ ವ್ಯಾಪಾರದ ಲೆಕ್ಕಕ್ಕೆ ಹೋಗಿದೆ ಎಂದು ಅಲ್ಲೇ ತಿಳಿಯಬೇಕು.

ಕಚೇರಿಯವರ ವಾದ ಸಿದ್ಧವಾಗಿರುತ್ತದೆ: ದರ ಎಲ್ಲರಿಗೂ ಒಂದೇ, ನಿಮಗೆ ಮಾತ್ರ ಹಾಕಿದ್ದಲ್ಲ. ದರದ ಬಗ್ಗೆ ಆ ಮಾತು ಸರಿ ಇರಬಹುದು. ಆದರೆ ಒಂದೇ ದರವನ್ನು ಸುಳ್ಳು ಅಳತೆಗೆ ಗುಣಿಸಿದರೆ ಬರುವುದು ಸುಳ್ಳು ತೆರಿಗೆಯೇ. ಶೇಕಡಾವಾರು ಜಾಸ್ತಿ ಆಯಿತೆಂದು ಒಬ್ಬ ಮಾಲೀಕ ತನ್ನ ಆಕ್ಷೇಪಣೆಯಲ್ಲಿ ಬರೆದು ಗೆಲ್ಲುವುದು ಕಷ್ಟ. ಅದು ಸಭೆಯಲ್ಲಿ ತೀರ್ಮಾನವಾಗುವ ವಿಷಯ, ಅದಕ್ಕೆ ಊರವರೆಲ್ಲ ಸೇರಿ ಕೇಳಬೇಕು. ಅಳತೆ, ಕಟ್ಟಡದ ಜಾತಿ, ಉಪಯೋಗ, ವಲಯ, ಇವು ಮಾತ್ರ ಒಬ್ಬನೇ ನಿಂತು ಪ್ರಶ್ನಿಸಬಹುದಾದವು. ಟೇಪು ಮತ್ತು ಫೋಟೋ ಇದ್ದರೆ ಸಾಬೀತೂ ಮಾಡಬಹುದು.

ಪ್ರಶ್ನಿಸುವ ಹೊತ್ತು ಯಾವುದು? ಪಟ್ಟಿ ಸಿದ್ಧವಾದ ಮೇಲೆ ಮುಖ್ಯಾಧಿಕಾರಿ ಸಾರ್ವಜನಿಕ ನೋಟಿಸು ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 30 ದಿನ ಬಿಡಬೇಕು. ಹೊಸದಾಗಿ ಪಟ್ಟಿಗೆ ಸೇರಿದ ಅಥವಾ ಮೌಲ್ಯ ಏರಿದ ಆಸ್ತಿಯ ಮಾಲೀಕನಿಗೋ ವಾಸಿಗೋ ಪ್ರತ್ಯೇಕ ನೋಟಿಸು ಬರಬೇಕು. ಇದು ಕಲಂ 119. ನಾವು ಡ್ರಾಯರಿಗೆ ಹಾಕುವುದು ಇದೇ ಕಾಗದವನ್ನು. ಅದೇ ಕಲಂ ಇನ್ನೊಂದು ಹಕ್ಕನ್ನೂ ಕೊಡುತ್ತದೆ: ಮಾಲೀಕ ಅಥವಾ ಅವನ ಪರವಾಗಿ ಹೋದವನು ಪಟ್ಟಿಯನ್ನು ನೋಡಿ, ದುಡ್ಡು ಕೊಡದೆ, ಬೇಕಾದ್ದನ್ನು ಬರೆದುಕೊಳ್ಳಬಹುದು. ಹೋಗಿ ನೋಡಿ. ನಿಮ್ಮದಷ್ಟೇ ಅಲ್ಲ, ಅದೇ ಸಾಲಿನ, ಅದೇ ಥರದ ನೆರೆಮನೆಗೆ ಎಷ್ಟು ದರ ಹಾಕಿದ್ದಾರೆಂದೂ ನೋಡಿಕೊಳ್ಳಿ. ದೇವನಾಗರಿ ಅಂಕಿಗಳನ್ನು ನಿಧಾನವಾಗಿ ಓದಿ. ಅಲ್ಲಿನ ಒಂದು ಮತ್ತು ಒಂಬತ್ತು ಕೈಬರಹದಲ್ಲಿ ಒಂದರಂತೆ ಇನ್ನೊಂದು ಕಾಣುತ್ತವೆ.

ನಂತರ ಆಕ್ಷೇಪಣೆ ಬರೆದು ಕೊಡಿ. ಮರಾಠಿಯಲ್ಲಿ ಅದನ್ನು ಹರಕತ್ ಅನ್ನುತ್ತಾರೆ. ಉದ್ದ ಪುರಾಣ ಬೇಡ. ಮೇಲಿನ ಉದಾಹರಣೆಯ ಮನೆಯವರಾದರೆ ಹೀಗೆ ಬರೆದರೆ ಸಾಕು: ಪಟ್ಟಿಯಲ್ಲಿ 104 ಇದೆ, ನಿಜವಾದ ಅಳತೆ 80, ಹಿಂದಿನ 24 ತೆರೆದ ಅಂಗಳ. ವ್ಯಾಪಾರ 20 ಮಾತ್ರ, ಉಳಿದ 60 ವಾಸ. ಸ್ಥಳಕ್ಕೆ ಬಂದು ಮತ್ತೊಮ್ಮೆ ಅಳೆಯಿರಿ. ಜೊತೆಗೆ ಕೈಯಿಂದ ಬರೆದ ನಕ್ಷೆ, ಫೋಟೋ, ಹಿಂದಿನ ರಶೀದಿ, ವಾಸಕ್ಕೂ ಅಂಗಡಿಗೂ ಬೇರೆ ಮೀಟರ್ ಇದ್ದರೆ ಎರಡೂ ಕರೆಂಟ್ ಬಿಲ್. ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕು, ನಂಬರ್, ಮೊಹರು ಹಾಕಿಸಿಕೊಳ್ಳಿ. ಮರಾಠಿ ಬಲ್ಲವರಿಂದ ಬರೆಸಿದರೆ ಕೆಲಸ ಬೇಗ ಆಗುತ್ತದೆ. ಸಂವಿಧಾನದ 350ನೇ ವಿಧಿ ದೇಶದ ಅಥವಾ ರಾಜ್ಯದ ಬಳಕೆಯ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕು ಕೊಟ್ಟಿದೆ, ಆದರೆ 30 ದಿನ ಓಡುತ್ತಿರುವಾಗ ಭಾಷೆಯ ಜಗಳ ಶುರು ಮಾಡಬೇಡಿ. ಆಕ್ಷೇಪಣೆಯ ವಿಚಾರಣೆ ಮೌಲ್ಯಮಾಪನ ಅಧಿಕಾರಿಯ ಮುಂದೆ ನಡೆಯುತ್ತದೆ. ಕರೆದ ದಿನ ನೀವೇ ಹೋಗಿ, ಆಗದಿದ್ದರೆ ಅಧಿಕಾರಪತ್ರ ಕೊಟ್ಟು ಮನೆಯವರನ್ನು ಕಳಿಸಿ.

ನಮ್ಮವರ ದಾರಿ ಬೇರೆ. ಪರಿಚಯದ ಕೌನ್ಸಿಲರ್‌ಗೆ ಒಂದು ಮಾತು ಹೇಳಿಸುವುದು, ಪೇಟೆಯ ದೊಡ್ಡವರಿಂದ ಫೋನ್ ಮಾಡಿಸುವುದು. 'ನೋಡೋಣ, ಮಾಡಿಸೋಣ' ಎಂಬ ಉತ್ತರ ಸಿಗುತ್ತದೆ, 30 ದಿನ ಕಳೆದುಹೋಗುತ್ತದೆ. ಕೌನ್ಸಿಲರ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನ ಮಾತಿಗೆ ಆವಕ ನಂಬರ್ ಇಲ್ಲ, ಅಷ್ಟೇ. ಮುಂದಿನ ಅಪೀಲಿಗೆ ಆ ನಂಬರೇ ಬೇಕು.

ಯಾಕೆಂದರೆ ಬಿಲ್ ಬಂದ ಮೇಲೆ ಕಲಂ 169ರ ಅಪೀಲಿದೆ, ಆದರೆ ಕಲಂ 170 ಅದರ ಬಾಗಿಲಿಗೆ ಮೂರು ಬೀಗ ಹಾಕಿದೆ. ಬಿಲ್ ಕೊಟ್ಟ 15 ದಿನದೊಳಗೆ ಅಪೀಲು ಹಾಕಬೇಕು. ನೋಟಿಸಿನ ಕಾಲದಲ್ಲಿ ಲಿಖಿತ ಆಕ್ಷೇಪಣೆ ಕೊಟ್ಟಿರಬೇಕು. ಕೇಳಿದ ಮೊತ್ತವನ್ನು ಮೊದಲು ಕಚೇರಿಯಲ್ಲಿ ಠೇವಣಿ ಇಟ್ಟಿರಬೇಕು. ಮೊದಲನೆಯದನ್ನು ಓಡಾಡಿ ತೆರೆಯಬಹುದು, ಮೂರನೆಯದನ್ನು ಸಾಲ ಮಾಡಿಯಾದರೂ ತೆರೆಯಬಹುದು. ನಡುವಿನದಕ್ಕೆ ಬೇಕಾದ ಬೀಗದಕೈ ಡ್ರಾಯರಿನಲ್ಲಿ ಮಡಚಿಟ್ಟ ನೋಟಿಸಿನ ಜೊತೆ ಕಳೆದುಹೋಗಿರುತ್ತದೆ.

ಈ ವ್ಯವಸ್ಥೆಯ ಮೇಲೆ ನನ್ನ ತಕರಾರು ಇರುವುದೂ ಇಲ್ಲೇ. ಬರೆದು ಕೊಡದಿದ್ದರೆ ಅಪೀಲಿಲ್ಲ ಎನ್ನುವ ಕಾಯಿದೆ, ಓದಲಾಗದ ಭಾಷೆಯಲ್ಲಿ ನೋಟಿಸು ಕೊಟ್ಟು ಕೈತೊಳೆದುಕೊಂಡರೆ ನ್ಯಾಯ ಎಲ್ಲಿ ಉಳಿಯಿತು? ಗಡಿಯ ಊರಿನಲ್ಲಿ ಪ್ರತ್ಯೇಕ ನೋಟಿಸಿನ ಹಿಂಬದಿಗೆ ಕನ್ನಡದಲ್ಲಿ, ಉರ್ದುವಿನಲ್ಲಿ ನಾಲ್ಕು ಸಾಲು ಮುದ್ರಿಸಲು ಎಷ್ಟು ಶಾಯಿ ಬೇಕು? ಹಳೆ ಮೌಲ್ಯ ಎಷ್ಟು, ಹೊಸದು ಎಷ್ಟು, ಯಾವ ತಾರೀಕಿನೊಳಗೆ ಬರೆದು ಕೊಡಬೇಕು, ಇಷ್ಟು ಇದ್ದರೆ ಸಾಕು. ಬಡವನಿಂದ ತಪ್ಪು ಮೊತ್ತವನ್ನು ಪೂರ್ತಿ ಠೇವಣಿ ಕೇಳಿ ಆಮೇಲೆ ತಪ್ಪು ಹೌದೋ ಅಲ್ಲವೋ ನೋಡುತ್ತೇವೆ ಎನ್ನುವುದೂ ಸರಿಯಲ್ಲ. ಅಳತೆಯ ವಿವಾದದಲ್ಲಿ ಹಿಂದಿನ ವರ್ಷದ ತೆರಿಗೆಯಷ್ಟು ಕಟ್ಟಿಸಿಕೊಂಡರೆ ನಗರ ಪರಿಷತ್ತು ಮುಳುಗುವುದಿಲ್ಲ.

ಕಾನೂನು ಬದಲಾಗುವವರೆಗೆ ಸಿಟ್ಟಿಗೆ ತೆರಿಗೆ ನಿಲ್ಲಿಸಿ ಕೂರಬೇಡಿ. ಬಾಕಿಯ ಮೇಲೆ ತಿಂಗಳಿಗೆ ಶೇ 2ರಂತೆ ಶಾಸ್ತಿ ಏರುತ್ತದೆ. ಇನ್ನೊಂದು ಮಾತು: ಅನುಮತಿ ಇಲ್ಲದೆ ಮೇಲೊಂದು ಕೋಣೆ ಎಬ್ಬಿಸಿದ್ದರೆ, ಮರು ಅಳತೆ ಕೇಳಿದ ದಿನ ಅದೂ ಟೇಪಿಗೆ ಸಿಗುತ್ತದೆ. ಆಕ್ಷೇಪಣೆ ಕೊಡುವ ಮೊದಲು ನಿಮ್ಮ ಮನೆಯನ್ನು ನೀವೇ ಒಮ್ಮೆ ಅಳೆಯಿರಿ.

ಊರಲ್ಲಿದ್ದುಕೊಂಡು ಅಲ್ಲಿಯ ಆಸ್ತಿ ನೋಡಿಕೊಳ್ಳುವವರಿಗೆ ಒಂದು ವಿನಂತಿ. ಅಲ್ಲಿರುವ ತಮ್ಮನಿಗೋ ಅಳಿಯನಿಗೋ ಬಾಡಿಗೆದಾರನಿಗೋ ಇವತ್ತೇ ಹೇಳಿಡಿ: ನಗರ ಪರಿಷತ್ತಿನಿಂದ ಯಾವ ಮರಾಠಿ ಕಾಗದ ಬಂದರೂ ಅದೇ ದಿನ ಫೋಟೋ ತೆಗೆದು ಕಳಿಸಲಿ, ಕಾಗದದ ಮೇಲೆ ಬಂದ ತಾರೀಕು ಬರೆದಿಡಲಿ. ಆ ತಾರೀಕಿನಿಂದಲೇ ಎಲ್ಲ ಲೆಕ್ಕ ಶುರುವಾಗುವುದು.